ವಿಷಯ: ಹೊಸ ಬಿಲ್ಲಿಂಗ್ ವ್ಯವಸ್ಥೆ ಮಾರ್ಚ್ 2ರ ಬದಲು ಏಪ್ರಿಲ್ 6ಕ್ಕೆ, ಫೆಬ್ರವರಿ 13ರೊಳಗೆ ನಿಮ್ಮ ತೀರ್ಮಾನ ಬೇಕು

ಸುಮಾ ಮೇಡಂ, ನಮಸ್ಕಾರ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಬಿಲ್ಲಿಂಗ್ ವ್ಯವಸ್ಥೆಯನ್ನು 2026ರ ಮಾರ್ಚ್ 2ಕ್ಕೆ ಶುರು ಮಾಡಲು ಆಗುವುದಿಲ್ಲ. ಏಪ್ರಿಲ್ 6, ಸೋಮವಾರ ಶುರು ಮಾಡೋಣ ಎಂದು ಕೇಳಿಕೊಳ್ಳುತ್ತಿದ್ದೇನೆ. ಐದು ವಾರ ತಡ. ಆಡಳಿತ ಮಂಡಳಿಗೆ ಮಾರ್ಚ್ ಎಂದು ಮಾತು ಕೊಟ್ಟವರು ನೀವು. ಹಾಗಾಗಿ ಈ ಸುದ್ದಿ ಬೇರೆ ಕಡೆಯಿಂದ ನಿಮ್ಮ ಕಿವಿಗೆ ಬೀಳಬಾರದು ಎಂದು ಇವತ್ತೇ ಬರೆಯುತ್ತಿದ್ದೇನೆ.

ಕಾರಣ ಡೇಟಾ. ಜನವರಿ 29ರ ಗುರುವಾರ ಹಳೆ ವ್ಯವಸ್ಥೆಯ ಡೇಟಾವನ್ನೆಲ್ಲ ಹೊಸದಕ್ಕೆ ಹಾಕುವ ಮೊದಲ ಪ್ರಯೋಗ ಮಾಡಿದೆವು. ನಮ್ಮಲ್ಲಿ ವಿಲೀನವಾದ ಘಟಕದ 48,000 ಬಿಲ್ಲುಗಳಲ್ಲಿ ಸುಮಾರು 29,000 ಒಳಗೇ ಹೋಗಲಿಲ್ಲ. ಅದು ಕಣ್ಣಿಗೆ ಕಂಡ ತೊಂದರೆ, ಕಾರಣ ಹುಡುಕಲು ಎರಡು ಗಂಟೆ ಸಾಕಾಯಿತು. ಆ ಘಟಕದವರು ತಾರೀಖು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ ಹಾಕುತ್ತಿದ್ದರು. ನಾವು ದಿನ ಮೊದಲು ಹಾಕುತ್ತೇವೆ. 03/25 ಬಂದಾಗ ನಮ್ಮ ಪ್ರೋಗ್ರಾಂಗೆ 25ನೇ ತಿಂಗಳು ಎಲ್ಲಿದೆ ಗೊತ್ತಾಗದೆ ಬಿಲ್ಲನ್ನು ವಾಪಸ್ ಕಳಿಸಿತು.

ನನ್ನನ್ನು ನಿಜಕ್ಕೂ ಹೆದರಿಸಿದ್ದು ವಾಪಸ್ ಬಾರದೆ ಒಳಗೆ ಹೋದ ಬಿಲ್ಲುಗಳು. ಶುಕ್ರವಾರ ಲೆಕ್ಕ ವಿಭಾಗದವರೊಬ್ಬರು ಸುಮ್ನೆ ಒಂದು ಬಿಲ್ಲು ತೆಗೆದು ಹಳೆ ಪ್ರತಿಯ ಪಕ್ಕದಲ್ಲಿಟ್ಟು ನೋಡಿದರು. ಹಣ ಕಟ್ಟುವ ಕೊನೆಯ ದಿನ 04/03 ಎಂದಿತ್ತು, ಅಂದರೆ ಏಪ್ರಿಲ್ 3. ಹೊಸ ವ್ಯವಸ್ಥೆ ಅದನ್ನು ಮಾರ್ಚ್ 4 ಎಂದು ಓದಿಕೊಂಡಿತ್ತು. ಹಾಗೇ ಲಾಂಚ್ ಮಾಡಿದ್ದರೆ, ಇನ್ನೂ ಒಂದು ತಿಂಗಳು ಸಮಯವಿರುವ ಗ್ರಾಹಕರಿಗೆ ಬಾಕಿ ನೋಟಿಸ್ ಹೋಗುತ್ತಿತ್ತು, ಜೊತೆಗೆ ದಂಡವೂ ಬೀಳುತ್ತಿತ್ತು. ದಿನ 12ರ ಒಳಗಿರುವ ಕಡೆ ಪ್ರೋಗ್ರಾಂಗೆ ತಪ್ಪು ಕಾಣುವುದೇ ಇಲ್ಲ, ಅಲ್ವಾ. ಇಂಥ ಬಿಲ್ಲುಗಳು ಸುಮಾರು 17,000 ಇವೆ. ಒಂದು ಎಚ್ಚರಿಕೆಯನ್ನೂ ಕೊಡದೆ ಒಳಗೆ ಸೇರಿಕೊಂಡಿವೆ. ಆ ಒಂದು ಬಿಲ್ಲನ್ನು ತೆಗೆದು ನೋಡಿದವರಿಗೆ ನಾನು ಋಣಿ. ಮುಂದಿನ ಸಭೆಯಲ್ಲಿ ನೀವೂ ಅವರಿಗೆ ಒಂದು ಮಾತು ಹೇಳಿದರೆ ಖುಷಿಪಡುತ್ತಾರೆ.

ಇದರ ಜೊತೆ ಒಬ್ಬರೇ ಗ್ರಾಹಕರ ಹೆಸರು ಎರಡು ಮೂರು ಸಲ ಇರುವ ಸುಮಾರು 4,200 ಪ್ರಕರಣಗಳು ಸಿಕ್ಕಿವೆ. ಒಂದು ಕಡೆ ಹೆಸರಿನ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ವಿಳಾಸದ ಜಾಗದಲ್ಲಿ ಫೋನ್ ನಂಬರ್. ಇವುಗಳಲ್ಲಿ ಹೆಚ್ಚಿನವನ್ನು ಪ್ರೋಗ್ರಾಂ ಸರಿಮಾಡುತ್ತದೆ. ಸುಮಾರು 900ನ್ನು ಮಾತ್ರ ಮನುಷ್ಯರೇ ಕೂತು ನೋಡಬೇಕು.

ಇನ್ನೊಂದು ಕಾರಣವೂ ಇದೆ. ಹಣ ಪಾವತಿಯ ಸೇವೆ ಕೊಡುವ ವೆಂಡರ್ ಟೆಸ್ಟಿಂಗ್ ಸೌಲಭ್ಯವನ್ನು ಮೂರು ವಾರ ತಡವಾಗಿ ಕೊಟ್ಟರು. ಆದರೆ ಅವರನ್ನು ಮೊದಲ ವಾರದಲ್ಲೇ ಬೆನ್ನುಹತ್ತಬೇಕಿತ್ತು, ನಾನು ಕಾದೆ. ಡೇಟಾ ಪ್ರಯೋಗವನ್ನು ಯೋಜನೆಯ ಕೊನೆಗೆ ಇಟ್ಟಿದ್ದೂ ನನ್ನದೇ ನಿರ್ಧಾರ. ನವೆಂಬರ್‌ನಲ್ಲೇ ಸಣ್ಣದಾಗಿ ಒಂದು ಪ್ರಯೋಗ ಮಾಡಿದ್ದರೆ ಈ ತಾರೀಖಿನ ತೊಂದರೆ ಆಗಲೇ ಸಿಗುತ್ತಿತ್ತು. ತಂಡದವರು ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದ್ದಾರೆ. ಈ ತಡದ ಹೊಣೆ ನನ್ನದು.

ಈಗ ಹೊಸ ದಿನಾಂಕಗಳು. ತಾರೀಖು ಸರಿಮಾಡುವ ಕೆಲಸ ಈ ಶುಕ್ರವಾರ, ಫೆಬ್ರವರಿ 6ಕ್ಕೆ ಮುಗಿಯುತ್ತದೆ. ಎರಡನೇ ಡೇಟಾ ಪ್ರಯೋಗ ಫೆಬ್ರವರಿ 20ಕ್ಕೆ. ಮಾರ್ಚ್ 13ಕ್ಕೆ ಪೂರ್ತಿ ರಿಹರ್ಸಲ್, ಅಂದರೆ ಲಾಂಚ್ ದಿನ ಮಾಡುವುದನ್ನೆಲ್ಲ ಗಡಿಯಾರ ಹಿಡಿದು ಮಾಡಿ ನೋಡುವುದು. ಮಾರ್ಚ್ 20ರೊಳಗೆ ಬಳಕೆದಾರರ ಒಪ್ಪಿಗೆ. ಶುರು ಮಾಡಬೇಕೋ ಬೇಡವೋ ಎಂಬ ಕೊನೆಯ ತೀರ್ಮಾನಕ್ಕೆ ಮಾರ್ಚ್ 27ರಂದು ನಿಮ್ಮ ಜೊತೆ ಸಭೆ. ಏಪ್ರಿಲ್ 4 ಮತ್ತು 5ರ ವಾರಾಂತ್ಯದಲ್ಲಿ ಹಳೆಯದು ನಿಂತು ಹೊಸದು ಬರುತ್ತದೆ.

ಕೆಲಸದ ಲೆಕ್ಕದಲ್ಲಿ ನಮಗೆ ಬೇಕಿರುವುದು ನಾಲ್ಕೇ ವಾರ. ಆದರೆ ನಾಲ್ಕು ವಾರ ಎಂದರೆ ಮಾರ್ಚ್ 30, ಲೆಕ್ಕ ವಿಭಾಗ ತಿಂಗಳ ಲೆಕ್ಕ ಮುಗಿಸುವ ಹೊತ್ತು. ಆ ವಾರ ಬಿಲ್ಲಿಂಗ್ ವ್ಯವಸ್ಥೆ ಬದಲಿಸುವುದು ಅವರ ಮೇಲೆ ದೊಡ್ಡ ಭಾರ ಹೊರಿಸಿದ ಹಾಗೆ. ಐದನೇ ವಾರ ಅದಕ್ಕಾಗಿ.

ತಡ ಕಡಿಮೆ ಮಾಡುವ ದಾರಿಗಳನ್ನೂ ನೋಡಿದ್ದೇವೆ. ಹೊರಗಿನಿಂದ ಇಬ್ಬರನ್ನು ತಂದರೆ ಹೆಚ್ಚೆಂದರೆ ಒಂದು ವಾರ ಉಳಿಯುತ್ತದೆ. ಆಗ ನಾಲ್ಕು ವಾರದ ಕೆಲಸ ಮೂರಕ್ಕೆ ಇಳಿದು ಬರುವುದು ಮಾರ್ಚ್ 23, ಅದರ ಮರುವಾರವೇ ತಿಂಗಳ ಲೆಕ್ಕ ಮುಗಿಸುವ ಹೊತ್ತು, ಉಳಿಸಿದ ವಾರ ಉಪಯೋಗಕ್ಕೆ ಬರುವುದಿಲ್ಲ. ಇದು ಬೇಡ.

ಎರಡನೇ ದಾರಿ, ಭಾಗ ಮಾಡಿ ಶುರು ಮಾಡುವುದು. ನಮ್ಮ ಮೂಲ ಗ್ರಾಹಕರು ಮಾರ್ಚ್ 16ಕ್ಕೆ, ವಿಲೀನವಾದ ಘಟಕದವರು ಏಪ್ರಿಲ್ 6ಕ್ಕೆ. ಮಂಡಳಿಗೆ ಮಾರ್ಚ್‌ನಲ್ಲೇ ಏನಾದರೂ ತೋರಿಸಬೇಕು ಎಂದರೆ ಇದೊಂದೇ ದಾರಿ. ಆದರೆ ರಿಹರ್ಸಲ್ ಮುಗಿದ ಮೂರೇ ದಿನಕ್ಕೆ ಲಾಂಚ್, ತಪ್ಪು ಕಂಡರೆ ತಿದ್ದಲು ಸಮಯವಿಲ್ಲ. ಮೂರು ವಾರ ಎರಡು ವ್ಯವಸ್ಥೆಗಳೂ ನಡೆಯುತ್ತವೆ, ಲೆಕ್ಕ ವಿಭಾಗಕ್ಕೆ ಕೆಲಸ ಎರಡರಷ್ಟು. ಅವರ ಮುಖ್ಯಸ್ಥರನ್ನು ನಿನ್ನೆ ಕೇಳಿದೆ. ತಾತ್ಕಾಲಿಕವಾಗಿ ಇಬ್ಬರು ಜಾಸ್ತಿ ಸಿಕ್ಕರೆ ಮಾತ್ರ ಆಗುತ್ತದೆ ಎಂದರು.

ಮೂರನೆಯದು ನನ್ನ ಆಯ್ಕೆ. ಗ್ರಾಹಕರೇ ಲಾಗಿನ್ ಆಗಿ ಬಿಲ್ಲು ನೋಡುವ ಪೋರ್ಟಲ್ ಅನ್ನು ಮೇ 4ಕ್ಕೆ ಸರಿಸುವುದು. ಉಳಿದದ್ದೆಲ್ಲ ಏಪ್ರಿಲ್ 6ಕ್ಕೆ ಒಟ್ಟಿಗೆ. ಪೋರ್ಟಲ್ ಕೆಲಸದಲ್ಲಿರುವ ಮೂವರು ಡೇಟಾ ಕೆಲಸಕ್ಕೆ ಬರುತ್ತಾರೆ. ಇವರು ಡೇಟಾ ರಚನೆಯನ್ನು ಬಲ್ಲವರು, ಹೊಸಬರಿಗೆ ಕಲಿಸುವ ಹೊತ್ತು ಉಳಿಯುತ್ತದೆ. ಮೇಲೆ ಹೇಳಿದ ದಿನಾಂಕಗಳು ಈ ಲೆಕ್ಕದ ಮೇಲೇ ನಿಂತಿವೆ. ಪೋರ್ಟಲ್ ಜೊತೆಗೇ ಬರಲೇಬೇಕು ಎಂದಾದರೆ ಇಡೀ ಲಾಂಚ್ ಮೇ 11ಕ್ಕೆ ಹೋಗುತ್ತದೆ.

ಖರ್ಚಿನ ವಿಷಯ. ಒಟ್ಟು 65 ದಿನಗಳ ಹೆಚ್ಚುವರಿ ಕೆಲಸ ಬರುತ್ತದೆ, ಒಬ್ಬರ ಒಂದು ದಿನದ ಕೆಲಸವನ್ನು ಒಂದು ಎಂದು ಲೆಕ್ಕ ಹಾಕಿದರೆ. ತುರ್ತಿಗೆಂದು ತೆಗೆದಿಟ್ಟಿದ್ದರಲ್ಲಿ 40 ಉಳಿದಿದೆ. ಇನ್ನು 25ಕ್ಕೆ ನಿಮ್ಮ ಒಪ್ಪಿಗೆ ಬೇಕು. ಹಳೆ ವ್ಯವಸ್ಥೆಯ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದನ್ನು ಒಂದು ತಿಂಗಳು ಮುಂದುವರಿಸಲು ಫೆಬ್ರವರಿ 13ರೊಳಗೆ ತಿಳಿಸಬೇಕು. ನೀವು ಯಾವ ದಾರಿ ಆರಿಸಿದರೂ ಇದು ಬೇಕೇ ಬೇಕು, ದಯವಿಟ್ಟು ಮೊದಲು ಇದಕ್ಕೆ ಸಹಿ ಹಾಕಿ. ಗ್ರಾಹಕರಿಗೆ ಹೋಗಬೇಕಿದ್ದ ಪತ್ರಗಳನ್ನು ನಿನ್ನೆಯೇ ತಡೆದಿದ್ದೇನೆ, ಒಂದೂ ಹೊರಗೆ ಹೋಗಿಲ್ಲ. ಸಿಬ್ಬಂದಿಯ ತರಬೇತಿ ದಿನಾಂಕಗಳು ನಿಮ್ಮ ತೀರ್ಮಾನದ ಮೇಲೆ ಬದಲಾಗುತ್ತವೆ.

ಏಪ್ರಿಲ್ 6 ಗಟ್ಟಿಯೇ ಎಂದು ನೀವು ಕೇಳುತ್ತೀರಿ. ಫೆಬ್ರವರಿ 20ರ ಪ್ರಯೋಗದಲ್ಲಿ ವಾಪಸ್ ಬರುವ ಬಿಲ್ಲುಗಳು 500ರ ಒಳಗಿದ್ದು, ಒಳಗೆ ಹೋದವುಗಳಲ್ಲಿ ನಾವು ಕೈಯಲ್ಲಿ ಹೋಲಿಸಿ ನೋಡುವ 1,000 ಬಿಲ್ಲುಗಳ ತಾರೀಖು, ಮೊತ್ತ ಎರಡೂ ಸರಿ ಇದ್ದರೆ, ಗಟ್ಟಿ ಎಂದು ಹೇಳುತ್ತೇನೆ. ಇಲ್ಲದಿದ್ದರೆ ಅವತ್ತು ಸಂಜೆಯೇ ನಿಮಗೆ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಮಂಡಳಿಗೆ "ಏಪ್ರಿಲ್ ಮೊದಲ ಭಾಗ, ಖಚಿತ ದಿನ ಫೆಬ್ರವರಿ 20ರ ನಂತರ" ಎಂದಷ್ಟೇ ಹೇಳುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ಎರಡನೇ ಸಲ ನಿಮ್ಮ ಮಾತು ತಪ್ಪಬಾರದು.

ಗುರುವಾರ, ಫೆಬ್ರವರಿ 5ರಂದು ಬೆಳಿಗ್ಗೆ 11ಕ್ಕೆ ಅರ್ಧ ಗಂಟೆ ಸಿಗುತ್ತೀರಾ? ಆ ತಪ್ಪು ಬಿಲ್ಲಿನ ಎರಡೂ ಪ್ರತಿಗಳನ್ನು ತರುತ್ತೇನೆ. ಮಂಡಳಿಗೆ ನೀವು ಕಳಿಸಬಹುದಾದ ಒಂದು ಪುಟದ ಟಿಪ್ಪಣಿಯನ್ನೂ ಬುಧವಾರ ಸಂಜೆಯೊಳಗೆ ಕಳಿಸಿರುತ್ತೇನೆ.

ಇಂತಿ,
ಪ್ರಕಾಶ್
ಪ್ರಾಜೆಕ್ಟ್ ಮ್ಯಾನೇಜರ್, ಬಿಲ್ಲಿಂಗ್ ಯೋಜನೆ
ಫೆಬ್ರವರಿ 3, 2026