ಪ್ರಕರಣ ಅಧ್ಯಯನದ ಪ್ರಸ್ತುತಿಗೆ ಪೂರಕ ಪತ್ರ: ಒಂದು ಸ್ಪಷ್ಟನೆ ಮತ್ತು ರಿಜೆಕ್ಟ್ ನೀರಿನ ಫ್ಲೋರೈಡ್ ಪ್ರಮಾಣ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಆಯ್ಕೆ ಸಮಿತಿ, ಕ್ಷೇತ್ರ ಸಂಯೋಜಕರ ಹುದ್ದೆ

ವಿಷಯ: ಪಾವಗಡ ತಾಲ್ಲೂಕಿನ ಗ್ರಾಮವೊಂದರ ಶುದ್ಧ ಕುಡಿಯುವ ನೀರಿನ ಘಟಕದ ಕುರಿತು ಕಳೆದ ಗುರುವಾರ ನಾನು ಮಂಡಿಸಿದ ಪ್ರಕರಣ ಅಧ್ಯಯನಕ್ಕೆ ಪೂರಕ ಮಾಹಿತಿ

ಮಾನ್ಯರೇ,

ಗುರುವಾರದಂದು ನನ್ನ ಪ್ರಸ್ತುತಿಯನ್ನು ತಾಳ್ಮೆಯಿಂದ ಆಲಿಸಿ, ಅದರ ನಂತರವೂ ಬಹಳ ಹೊತ್ತು ಚರ್ಚಿಸಿದ್ದಕ್ಕಾಗಿ ತಮ್ಮೆಲ್ಲರಿಗೂ ವಂದನೆಗಳು. ಅಂದಿನ ಚರ್ಚೆಯಲ್ಲಿ ಎರಡು ವಿಷಯಗಳು ಬಾಕಿ ಉಳಿದಿದ್ದವು. ‘ಶೇ 73ರಷ್ಟು ಮನೆಗಳು ಘಟಕದ ನೀರು ಬಳಸುತ್ತಿವೆ’ ಎಂಬ ಸಾಲಿನಲ್ಲಿ ‘ಬಳಕೆ’ ಎಂದರೆ ನಿಖರವಾಗಿ ಏನು ಎಂದು ಅಧ್ಯಕ್ಷರು ಕೇಳಿದ್ದರು. ಘಟಕದಿಂದ ಹೊರಬೀಳುವ ರಿಜೆಕ್ಟ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಅದನ್ನು ದನಗಳ ತೊಟ್ಟಿಗೆ ಬಿಡಬಹುದೇ ಎಂದು ಸಮಿತಿಯಲ್ಲಿದ್ದ ಪಶುವೈದ್ಯರು ಕೇಳಿದ್ದರು. ಎರಡಕ್ಕೂ ಉತ್ತರಗಳು ಈಗ ಸಿದ್ಧವಿದ್ದು, ಇಲ್ಲಿ ಸಲ್ಲಿಸುತ್ತಿದ್ದೇನೆ.

ಮೊದಲು ಸ್ಪಷ್ಟನೆ. ನಾವು ಭೇಟಿ ನೀಡಿದ 84 ಮನೆಗಳ ಪೈಕಿ 61 ಮನೆಗಳಲ್ಲಿ ಘಟಕದ ಕಾರ್ಡ್ ಇತ್ತು ಮತ್ತು ಸಮೀಕ್ಷೆಯ ತಿಂಗಳಿನಲ್ಲಿ ಆ ಕಾರ್ಡ್‌ನಿಂದ ವಾರಕ್ಕೆ ಒಮ್ಮೆಯಾದರೂ ನೀರು ತುಂಬಿಸಿಕೊಳ್ಳಲಾಗಿತ್ತು. ಶೇ 73 ಎಂಬುದು ಈ 61 ಮನೆಗಳ ಲೆಕ್ಕ. ಆ ನೀರನ್ನು ಮನೆಯವರು ಯಾವುದಕ್ಕೆ ಬಳಸುತ್ತಾರೆ ಎಂಬುದನ್ನು ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆಯಲ್ಲಿ ಕೇಳಿದ್ದೆವು. ಕುಡಿಯುವುದಕ್ಕೂ ಅಡುಗೆಗೂ ಎರಡಕ್ಕೂ ಘಟಕದ ನೀರನ್ನೇ ಬಳಸುವವರು 23 ಮನೆಯವರು ಮಾತ್ರ. ಅಂದರೆ ಒಟ್ಟು 84 ಮನೆಗಳಲ್ಲಿ ಶೇ 27. ಉಳಿದ 38 ಮನೆಗಳಲ್ಲಿ ಕ್ಯಾನಿನ ನೀರು ಕುಡಿಯಲು ಮಾತ್ರ. ಅಡುಗೆ ನಡೆಯುವುದು ಕೊಳವೆಬಾವಿಯ ನಲ್ಲಿ ನೀರಿನಲ್ಲೇ. ಯೋಜನೆಯ ಯಶಸ್ಸನ್ನು ಅಳೆಯಲು ಸಮಿತಿಯು ಯಾವುದಾದರೂ ಒಂದೇ ಅಂಕಿಯನ್ನು ಇಟ್ಟುಕೊಳ್ಳುವುದಾದರೆ ಅದು 73 ಆಗಿರದೆ 27 ಆಗಿರಲಿ ಎಂದು ನನ್ನ ವಿನಂತಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾವು ಹೋದ ಬಹುತೇಕ ಅಡುಗೆಮನೆಗಳಲ್ಲಿ ಘಟಕದ 20 ಲೀಟರಿನ ಕ್ಯಾನು ಬಾಗಿಲ ಪಕ್ಕದಲ್ಲಿ, ಮುಚ್ಚಳದ ಮೇಲೆ ಲೋಟ ಬೋರಲು ಹಾಕಿಕೊಂಡು, ಅಚ್ಚುಕಟ್ಟಾಗಿ ಕೂತಿರುತ್ತದೆ. ಒಲೆಯ ಹತ್ತಿರ ಇರುವುದು ನಲ್ಲಿಯಿಂದ ತುಂಬಿದ ಬಿಂದಿಗೆ. ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು, ಅನ್ನಕ್ಕೆ ನೀರು ಹಾಕುವುದು, ಟೀ ಕಾಯಿಸುವುದು ಎಲ್ಲವೂ ಆ ಬಿಂದಿಗೆಯ ನೀರಿನಿಂದಲೇ. ‘ಹೆಂಗಿದ್ರೂ ಕುದಿಸ್ತೀವಲ್ಲ’ ಎಂಬ ಮಾತನ್ನು ಮನೆಮನೆಯಲ್ಲೂ ಕೇಳಿದೆವು. ರೋಗಾಣುಗಳ ವಿಷಯದಲ್ಲಿ ಆ ಮಾತು ಸರಿ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವಂಥದ್ದಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ, ಮತ್ತು ಹಿಟ್ಟು, ಅಕ್ಕಿ, ಬೇಳೆ ಹೀರಿಕೊಂಡ ನೀರಿನೊಂದಿಗೆ ಅದು ತಟ್ಟೆಗೆ ಬರುತ್ತದೆ.

ಇದರ ತೂಕ ಎಷ್ಟೆಂಬುದನ್ನು ಒಂದು ಅಂದಾಜಿನಿಂದ ತೋರಿಸುತ್ತೇನೆ. ಈ ಗ್ರಾಮದ ಕೊಳವೆಬಾವಿ ನೀರಿನಲ್ಲಿ ಲೀಟರಿಗೆ 2.4 ಮಿಲಿಗ್ರಾಂ ಫ್ಲೋರೈಡ್ ಇದೆ, ಘಟಕದಲ್ಲಿ ಶುದ್ಧಗೊಂಡ ನೀರಿನಲ್ಲಿ 0.3. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಮಾತ್ರ ಸಮ್ಮತಿ. ವಯಸ್ಕರೊಬ್ಬರು ದಿನಕ್ಕೆ 2 ಲೀಟರ್ ನೀರು ಕುಡಿದು, ಊಟ ಮತ್ತು ಟೀ ಮೂಲಕ ಇನ್ನೊಂದು ಲೀಟರ್ ನೀರನ್ನು ಸೇವಿಸುತ್ತಾರೆ ಎಂದು ಇಟ್ಟುಕೊಳ್ಳೋಣ. ಎಲ್ಲವೂ ಕೊಳವೆಬಾವಿಯ ನೀರೇ ಆದರೆ ನೀರಿನಿಂದ ದೇಹಕ್ಕೆ ಸೇರುವುದು 7.2 ಮಿಲಿಗ್ರಾಂ, ಎಲ್ಲವೂ ಘಟಕದ ನೀರಾದರೆ 0.9. ಕುಡಿಯಲು ಘಟಕದ ನೀರು, ಅಡುಗೆಗೆ ಬಿಂದಿಗೆಯ ನೀರು ಎಂದಾದರೆ 3 ಮಿಲಿಗ್ರಾಂ, ಮತ್ತು ಅದರಲ್ಲಿ 2.4 ಮಿಲಿಗ್ರಾಂ, ಅಂದರೆ ಐದರಲ್ಲಿ ನಾಲ್ಕು ಪಾಲು, ಅಡುಗೆಯ ಒಂದೇ ಲೀಟರಿನಿಂದ ಬಂದದ್ದು. ಕಾರ್ಡ್ ಇರುವ 38 ಮನೆಗಳ ಸ್ಥಿತಿ ಇದು. ಅವರು ಕಷ್ಟಪಟ್ಟು ದುಡ್ಡು ಕೊಟ್ಟು ನೀರು ತರುತ್ತಿದ್ದಾರೆ, ಆದರೆ ಅದರ ಪೂರ್ಣ ಫಲ ಅವರಿಗೆ ಸಿಗುತ್ತಿಲ್ಲ. ಹಲ್ಲುಗಳು ಇನ್ನೂ ರೂಪುಗೊಳ್ಳುತ್ತಿರುವ ಚಿಕ್ಕ ಮಕ್ಕಳು ಆ ಮನೆಗಳಲ್ಲಿದ್ದಾರೆ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ.

ಘಟಕದ ಮಾರಾಟ ಪುಸ್ತಕವೂ ಇದನ್ನೇ ಹೇಳುತ್ತದೆ. ಸಮೀಕ್ಷೆಯ ತಿಂಗಳಿನಲ್ಲಿ ದಿನಕ್ಕೆ ಸರಾಸರಿ 113 ಕ್ಯಾನು, ಅಂದರೆ 2,260 ಲೀಟರ್ ನೀರು ಹೋಗಿದೆ. ಗ್ರಾಮದ 310 ಮನೆಗಳಲ್ಲಿ ಶೇ 73ರಷ್ಟು, ಸುಮಾರು 226 ಮನೆಯವರು ಅದನ್ನು ಹಂಚಿಕೊಂಡಿದ್ದಾರೆ ಎಂದರೆ ಒಂದು ಮನೆಗೆ ದಿನಕ್ಕೆ ಅರ್ಧ ಕ್ಯಾನು. ಮನೆಯೊಂದಕ್ಕೆ ಸರಾಸರಿ 4.6 ಜನರಿರುವುದರಿಂದ ತಲೆಗೆ 2 ಲೀಟರಿಗಿಂತ ತುಸು ಹೆಚ್ಚು ಬೀಳುತ್ತದೆ. ಅದು ಬಾಯಾರಿಕೆಗೆ ಸಾಕು, ಒಲೆಗೆ ಸಾಲದು. ಫ್ಲೋರೈಡ್ ಬಾಧಿತ ಗ್ರಾಮಗಳಲ್ಲಿ ಸಮುದಾಯ ಶುದ್ಧೀಕರಣ ಘಟಕಗಳ ಮೂಲಕ ಕುಡಿಯುವುದಕ್ಕೂ ಅಡುಗೆಗೂ ಸೇರಿ ತಲೆಗೆ ದಿನಕ್ಕೆ 8ರಿಂದ 10 ಲೀಟರ್ ನೀರು ಕೊಡಬೇಕೆಂದು ಜಲ ಜೀವನ್ ಮಿಷನ್ ಮಾರ್ಗಸೂಚಿ ಹೇಳುತ್ತದೆ. ಆ ಪ್ರಮಾಣಕ್ಕೆ ಇಲ್ಲಿನ ಒಂದು ಮನೆಗೆ ದಿನಕ್ಕೆ ಎರಡು ಕ್ಯಾನು ಬೇಕು. ಕ್ಯಾನಿಗೆ 5 ರೂಪಾಯಿಯಂತೆ ತಿಂಗಳಿಗೆ ಈಗ ಆಗುತ್ತಿರುವ 75 ರೂಪಾಯಿ ಖರ್ಚು 300 ರೂಪಾಯಿ ಆಗುತ್ತದೆ. ಕೂಲಿಯನ್ನೇ ನಂಬಿದ ಮನೆಗೆ ಇದು ಸಣ್ಣ ಮೊತ್ತವಲ್ಲ. ಹಣದ ಜೊತೆಗೆ ದಿನಕ್ಕೆ ಎರಡು ಬಾರಿ 20 ಕಿಲೋ ಹೊರುವವರು ಯಾರು ಎಂಬ ಪ್ರಶ್ನೆಯೂ ಇದೆ. ಮನೆಯಲ್ಲಿ ಸೈಕಲ್ಲೋ ಟಿವಿಎಸ್ಸೋ ಇಲ್ಲದಿದ್ದರೆ ಆ ಭಾರ ಹೆಂಗಸರ ಸೊಂಟಕ್ಕೇ ಬೀಳುತ್ತದೆ. ಆದ್ದರಿಂದ ನನ್ನ ಪ್ರಸ್ತಾವದಲ್ಲಿರುವ ‘ಹೊಸ ಕಾರ್ಡ್ ವಿತರಣೆ’ಗಿಂತ, ಈಗಾಗಲೇ ಕಾರ್ಡ್ ಇರುವ ಮನೆಗಳಿಗೆ ದಿನದ ಎರಡನೇ ಕ್ಯಾನನ್ನು ಕಡಿಮೆ ದರಕ್ಕೆ ಕೊಡುವ ಅಂಶಕ್ಕೆ ಮೊದಲ ಆದ್ಯತೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆಯ ನೀರು ಪ್ರತಿ ಮನೆಯ ನಲ್ಲಿಗೂ ನಿತ್ಯ ಬರತೊಡಗಿದ ಮೇಲೆ ಈ ವ್ಯವಸ್ಥೆಯನ್ನು ಮರುಪರಿಶೀಲಿಸಬಹುದು.

ಇನ್ನು ಪಶುವೈದ್ಯರು ಕೇಳಿದ ಅಂಕಿ. ಪ್ರಸ್ತುತಿಯಂದು ನನ್ನ ಬಳಿ ಒಳಬರುವ ನೀರಿನ ಮತ್ತು ಶುದ್ಧಗೊಂಡ ನೀರಿನ ವರದಿಗಳಿದ್ದವು, ರಿಜೆಕ್ಟ್ ನೀರಿನದು ಇರಲಿಲ್ಲ. ಶನಿವಾರ ಬೆಳಿಗ್ಗೆ ಘಟಕದ ನಿರ್ವಾಹಕರ ಜೊತೆ ನಿಂತು ಮೂರೂ ನೀರಿನ ಮಾದರಿಗಳನ್ನು ಒಂದೇ ಹೊತ್ತಿನಲ್ಲಿ ತೆಗೆದುಕೊಂಡೆ. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಪ್ಲಾಸ್ಟಿಕ್ ಬಾಟಲಿಗಳಲ್ಲೇ ಸಂಗ್ರಹಿಸಿ, ತುಮಕೂರಿನ ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟೆ. ನಿನ್ನೆ ವರದಿ ಕೈಸೇರಿದೆ. ಒಳಬರುವ ನೀರಿನಲ್ಲಿ ಲೀಟರಿಗೆ 2.4, ಶುದ್ಧಗೊಂಡ ನೀರಿನಲ್ಲಿ 0.3, ರಿಜೆಕ್ಟ್ ನೀರಿನಲ್ಲಿ 3.7 ಮಿಲಿಗ್ರಾಂ ಫ್ಲೋರೈಡ್ ಕಂಡುಬಂದಿದೆ.

ಈ 3.7 ಎಂಬುದು ನಂಬಲರ್ಹವೇ ಎಂದು ಲೆಕ್ಕ ಹಾಕಿಯೂ ನೋಡಿದೆ. ಮಾದರಿ ತೆಗೆದಾಗ ಘಟಕದ ರೋಟಾಮೀಟರುಗಳು ಶುದ್ಧ ನೀರಿಗೆ ಗಂಟೆಗೆ 1,000 ಲೀಟರ್, ರಿಜೆಕ್ಟ್ ನೀರಿಗೆ 1,500 ಲೀಟರ್ ತೋರಿಸುತ್ತಿದ್ದವು. ಅಂದರೆ ಒಳಹೋದ ನೀರಿನ ಶೇ 40 ಶುದ್ಧವಾಗಿ ಹೊರಬರುತ್ತದೆ, ಶೇ 60 ರಿಜೆಕ್ಟ್ ಆಗುತ್ತದೆ. ಆರ್‌ಓ ಪೊರೆಯು ಫ್ಲೋರೈಡನ್ನು ನಾಶಮಾಡುವುದಿಲ್ಲ, ಒಂದು ಕಡೆಯಿಂದ ತಡೆದು ಇನ್ನೊಂದು ಕಡೆಗೆ ಕಳಿಸುತ್ತದೆ ಅಷ್ಟೇ. ಹಾಗಾಗಿ ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ತಾಳೆಯಾಗಲೇಬೇಕು.

(2.4 − 0.4 × 0.3) ÷ 0.6 = 3.8

ಲೆಕ್ಕದ 3.8ಕ್ಕೂ ಪ್ರಯೋಗಾಲಯದ 3.7ಕ್ಕೂ ಇರುವ ವ್ಯತ್ಯಾಸ ಅಳತೆಯ ಮಿತಿಯೊಳಗಿನದು. ಅಂಕಿಯನ್ನು ನಂಬಬಹುದು.

ದನಕರುಗಳಿಗೆ ಕುಡಿಸುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗದರ್ಶನವಿದೆ. 3.7 ಅದರ ಎರಡರಷ್ಟಕ್ಕೆ ಹತ್ತಿರ. ಮನುಷ್ಯರಂತೆ ದನಗಳಿಗೂ ಅತಿಯಾದ ಫ್ಲೋರೈಡಿನಿಂದ ಹಲ್ಲು ಸವೆಯುತ್ತದೆ, ಕಾಲು ಕುಂಟುತ್ತದೆ. ಹನ್ನೊಂದನೇ ಸ್ಲೈಡಿನಲ್ಲಿ ರಿಜೆಕ್ಟ್ ನೀರನ್ನು ದನಗಳ ತೊಟ್ಟಿಗೆ ಹರಿಸುವ ಸಲಹೆಯನ್ನು ‘ಪರೀಕ್ಷಾ ವರದಿಗೆ ಒಳಪಟ್ಟು’ ಎಂದು ನಮೂದಿಸಿದ್ದೆ. ವರದಿ ಬಂದಿರುವುದರಿಂದ ಆ ಸಲಹೆಯನ್ನು ಪ್ರಸ್ತಾವದಿಂದ ಕೈಬಿಟ್ಟಿದ್ದೇನೆ. ಕೊಳವೆಬಾವಿಯ ನೀರಿನೊಂದಿಗೆ ಬೆರೆಸಿ ಕೊಡಬಹುದೇ ಎಂದು ಗ್ರಾಮ ಪಂಚಾಯಿತಿಯವರು ಕೇಳಿದ್ದರು. ಕೊಳವೆಬಾವಿಯ ನೀರೇ 2.4 ಇರುವಾಗ ಎಷ್ಟು ಬೆರೆಸಿದರೂ ಅದು 2ಕ್ಕೆ ಇಳಿಯಲಾರದು.

ಹಾಗಾದರೆ ದಿನಕ್ಕೆ ಸುಮಾರು 3,400 ಲೀಟರಿನಷ್ಟು ಹೊರಬೀಳುವ ಈ ನೀರು ಎಲ್ಲಿಗೆ ಹೋಗಬೇಕು? ಕೊಳವೆಬಾವಿಯ ಪಕ್ಕದಲ್ಲೇ ಇಂಗುಗುಂಡಿ ತೆಗೆದು ಅದಕ್ಕೆ ಬಿಡುವುದು ಸುಲಭವೆನಿಸಿದರೂ ಅದನ್ನು ಮಾಡಲೇಬಾರದು. ಬೇರ್ಪಡಿಸಿದ ಫ್ಲೋರೈಡನ್ನೂ ಲವಣಗಳನ್ನೂ ಅದೇ ಜಲಮೂಲಕ್ಕೆ ಮರಳಿಸಿದಂತಾಗುತ್ತದೆ. ಘಟಕಕ್ಕೆ ಅಂಟಿಕೊಂಡಂತೆಯೇ ಸರ್ಕಾರಿ ಶಾಲೆಯ ಕಾಂಪೌಂಡ್ ಇದೆ. ಶಾಲೆಯ ಶೌಚಾಲಯಗಳಿಗೆ ಪ್ರತ್ಯೇಕ ಟ್ಯಾಂಕ್ ಇಟ್ಟು, ಪ್ರತ್ಯೇಕ ಪೈಪಿನಲ್ಲಿ ಈ ನೀರನ್ನು ಒಯ್ಯುವುದು ನನ್ನ ಪರ್ಯಾಯ ಸಲಹೆ. ಮಕ್ಕಳು ಕೈತೊಳೆಯುವ ಅಥವಾ ಬಾಯಿ ಮುಕ್ಕಳಿಸುವ ನಲ್ಲಿಗಳಿಗೆ ಆ ಪೈಪಿನ ಸಂಪರ್ಕ ಇರಕೂಡದು, ಮತ್ತು ಟ್ಯಾಂಕಿನ ಮೇಲೆ ‘ಕುಡಿಯುವ ನೀರಲ್ಲ’ ಎಂದು ದೊಡ್ಡದಾಗಿ ಬರೆಸಬೇಕು. ಉಳಿಯುವ ನೀರು ಸದ್ಯಕ್ಕೆ ಈಗಿನಂತೆಯೇ ಚರಂಡಿಗೆ ಹೋಗುತ್ತದೆ. ಎರಡನೇ ಕ್ಯಾನಿನ ಯೋಜನೆ ಜಾರಿಯಾದರೆ ರಿಜೆಕ್ಟ್ ನೀರೂ ಅದೇ ಅನುಪಾತದಲ್ಲಿ ಏರುವುದರಿಂದ ಟ್ಯಾಂಕಿನ ಗಾತ್ರವನ್ನು ಆಗಿನ ಅಗತ್ಯಕ್ಕೆ ತಕ್ಕಂತೆ ಈಗಲೇ ನಿರ್ಧರಿಸುವುದು ಒಳ್ಳೆಯದು.

ಈ ವರದಿ ಒಂದು ದಿನದ ಮಾದರಿಯದು. ಬೇಸಿಗೆಯಲ್ಲಿ ಅಂತರ್ಜಲ ಇಳಿದಂತೆ ಕೊಳವೆಬಾವಿಯ ನೀರಿನ ಗುಣವೂ ಬದಲಾಗುತ್ತದೆ. ಆದ್ದರಿಂದ ಮೇ ತಿಂಗಳ ಕೊನೆಗೊಮ್ಮೆ ಮತ್ತು ಮಳೆಗಾಲ ಮುಗಿದ ಮೇಲೊಮ್ಮೆ ಇದೇ ಮೂರು ಮಾದರಿಗಳನ್ನು ಪರೀಕ್ಷಿಸುವುದನ್ನು ಕಾರ್ಯಯೋಜನೆಗೆ ಸೇರಿಸಿದ್ದೇನೆ.

ಪ್ರಯೋಗಾಲಯದ ವರದಿಯ ಪ್ರತಿ, ಸಮೀಕ್ಷೆಯ ಪ್ರಶ್ನಾವಳಿ ಮತ್ತು ಪರಿಷ್ಕೃತ ಹನ್ನೊಂದನೇ ಸ್ಲೈಡನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಮನೆವಾರು ಉತ್ತರಗಳಲ್ಲಿ ಕುಟುಂಬಗಳ ಹೆಸರುಗಳಿರುವುದರಿಂದ ಅವನ್ನು ಕಳುಹಿಸಿಲ್ಲ. ಹೆಸರು ತೆಗೆದ ಪಟ್ಟಿ ಬೇಕಿದ್ದಲ್ಲಿ ತಿಳಿಸಿದ ದಿನವೇ ಕಳುಹಿಸಿಕೊಡುತ್ತೇನೆ. ಮಾರಾಟ ಪುಸ್ತಕವನ್ನು ಸದಸ್ಯರು ಖುದ್ದಾಗಿ ನೋಡಬಯಸಿದರೆ, ನಿರ್ವಾಹಕರು ಪ್ರತಿದಿನ ಬೆಳಿಗ್ಗೆ 6ರಿಂದ 10ರವರೆಗೆ ಘಟಕದಲ್ಲಿ ಇರುತ್ತಾರೆ ಮತ್ತು ತೋರಿಸಲು ಒಪ್ಪಿದ್ದಾರೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶೈಲಜಾ
ಅಭ್ಯರ್ಥಿ, ಕ್ಷೇತ್ರ ಸಂಯೋಜಕರ ಹುದ್ದೆ
ತುಮಕೂರು