ದೋಷಾರೋಪಣ ಪಟ್ಟಿ

ದಿನಾಂಕ: 3 ಸೆಪ್ಟೆಂಬರ್ 2025

ಇವರಿಂದ: ಅಧ್ಯಕ್ಷರು, ಆಡಳಿತ ಮಂಡಳಿ, ಹಾಲು ಉತ್ಪಾದಕರ ಸಹಕಾರ ಸಂಘ
ಇವರಿಗೆ: ಹಾಲು ಪರೀಕ್ಷಕರು, ಸಿಬ್ಬಂದಿ ಸಂಖ್ಯೆ 4

ನಿಮ್ಮ ಮೇಲೆ ಇಲಾಖಾ ವಿಚಾರಣೆ ನಡೆಸಲು ಆಡಳಿತ ಮಂಡಳಿ 30 ಆಗಸ್ಟ್ 2025ರ ಸಭೆಯಲ್ಲಿ ತೀರ್ಮಾನಿಸಿದೆ. ಕೆಳಗಿನವು ಆರೋಪಗಳು ಮಾತ್ರ. ನೀವು ತಪ್ಪು ಮಾಡಿದ್ದೀರಿ ಎಂದು ಮಂಡಳಿ ಇನ್ನೂ ನಿರ್ಧರಿಸಿಲ್ಲ.

ಭಾಗ 1: ಆರೋಪಗಳು

ಆರೋಪ 1: 2025ರ ಆಗಸ್ಟ್ 4ರಿಂದ 15ರವರೆಗೆ, 12 ದಿನ ಬೆಳಗಿನ ಸರದಿಯಲ್ಲಿ ಸದಸ್ಯ ಸಂಖ್ಯೆ 37, 58 ಮತ್ತು 61ರವರು ಹಾಕಿದ ಹಾಲನ್ನು ರಿಜಿಸ್ಟರಿನಲ್ಲಿ ಕಡಿಮೆ ಬರೆದು, ಒಟ್ಟು 24 ಲೀಟರನ್ನು ನಿಮ್ಮ ಭಾಮೈದ, ಸದಸ್ಯ ಸಂಖ್ಯೆ 112ರ ಖಾತೆಗೆ ಸೇರಿಸಿದ್ದೀರಿ. ಇದು ಅಪ್ರಾಮಾಣಿಕತೆ ಮತ್ತು ದುರ್ನಡತೆ.

ಆರೋಪ 2: 18 ಆಗಸ್ಟ್ 2025ರ ಬೆಳಿಗ್ಗೆ 55 ಸದಸ್ಯರ ಹಾಲನ್ನು ಪರೀಕ್ಷೆ ಮಾಡದೆಯೇ ಫ್ಯಾಟ್ ಬರೆದಿದ್ದೀರಿ. ಇದು ಕರ್ತವ್ಯಲೋಪ ಮತ್ತು ಸುಳ್ಳು ದಾಖಲೆ ಬರೆದ ದುರ್ನಡತೆ.

ಆರೋಪ 3: 19 ಆಗಸ್ಟ್ 2025ರಂದು ಅನುಮತಿಯಿಲ್ಲದೆ ಹಾಲು ಸಂಗ್ರಹಣೆ ರಿಜಿಸ್ಟರನ್ನು ಮನೆಗೆ ಒಯ್ದು, 21ರವರೆಗೆ ಇಟ್ಟುಕೊಂಡು, ಅದರ ಪುಟ 64ನ್ನು ತಿದ್ದಿದ್ದೀರಿ. ಇದು ಮೇಲಿನವರ ಲಿಖಿತ ಆದೇಶ ಮೀರಿದ್ದು ಮತ್ತು ದಾಖಲೆ ತಿದ್ದಿದ ದುರ್ನಡತೆ.

ಭಾಗ 2: ಆರೋಪಗಳಿಗೆ ಆಧಾರವಾದ ಸಂಗತಿಗಳು

ಆರೋಪ 1ರ ಬಗ್ಗೆ: ಹಾಲು ಅಳೆದ ಕೂಡಲೇ ಸದಸ್ಯರಿಗೆ ಚೀಟಿ ಕೊಡುವವರು ಕಾರ್ಯದರ್ಶಿ. ರಿಜಿಸ್ಟರ್ ಬರೆಯುವವರು ನೀವು. ಸದಸ್ಯ ಸಂಖ್ಯೆ 37ರವರಿಗೆ ಇರುವುದು ಒಂದೇ ಹಸು. 12 ಚೀಟಿಗಳನ್ನೂ ಅವರು ಹಾಲಿನ ಕ್ಯಾನಿಗೆ ಕಟ್ಟಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. ಪ್ರತಿ ಚೀಟಿಯಲ್ಲೂ 8.5 ಲೀಟರ್ ಎಂದಿದೆ. ರಿಜಿಸ್ಟರಿನಲ್ಲಿ ಪ್ರತಿ ದಿನವೂ 7.5. ಸದಸ್ಯ ಸಂಖ್ಯೆ 58 ಮತ್ತು 61ರವರಿಗೆ ದಿನಕ್ಕೆ ಅರ್ಧರ್ಧ ಲೀಟರ್ ಕಡಿಮೆಯಾಗಿದೆ. ಹೀಗೆ ದಿನಕ್ಕೆ 2 ಲೀಟರ್. ಅದೇ 12 ದಿನ ಸದಸ್ಯ ಸಂಖ್ಯೆ 112ರ ಹೆಸರಿನ ಮುಂದೆ ದಿನಕ್ಕೆ ಸರಿಯಾಗಿ 2 ಲೀಟರ್ ಜಾಸ್ತಿ ಇದೆ. ಅವರಿಗೆ ಕೊಟ್ಟ ಚೀಟಿಗಳ ಸ್ಥಳಪ್ರತಿಯಲ್ಲಿ ಆ ಹಾಲಿಲ್ಲ. ಲೀಟರಿಗೆ ₹35ರಂತೆ ₹840, ಸರ್ಕಾರದ ಪ್ರೋತ್ಸಾಹಧನ ₹5ರಂತೆ ₹120, ಒಟ್ಟು ₹960 ತಪ್ಪು ಖಾತೆಗೆ ಹೋಗಿದೆ. ಮೊತ್ತ ಸಣ್ಣದಾದರೂ ಮಂಡಳಿ ಇದನ್ನು ಹಗುರವಾಗಿ ಕಾಣುವುದಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ಹಾಲು ಕರೆದು ತರುವವರು ರಿಜಿಸ್ಟರನ್ನು ನಂಬಿಯೇ ಕ್ಯಾನ್ ಸುರಿದು ಹೋಗುತ್ತಾರೆ.

ಆರೋಪ 2ರ ಬಗ್ಗೆ: ಆ ದಿನ ಒಕ್ಕೂಟದ ವಿಸ್ತರಣಾಧಿಕಾರಿ ತಪಾಸಣೆಗೆ ಬಂದಿದ್ದರು. ರಿಜಿಸ್ಟರಿನಲ್ಲಿ 96 ಸದಸ್ಯರ ಫ್ಯಾಟ್ ಇತ್ತು. ಪರೀಕ್ಷಾ ಯಂತ್ರದಿಂದ ತೆಗೆದ ಪ್ರಿಂಟಿನಲ್ಲಿ ಇದ್ದದ್ದು 41 ಪರೀಕ್ಷೆ. ಉಳಿದ 55 ಸದಸ್ಯರ ಮುಂದೆ ಹಿಂದಿನ ದಿನದ ಅಂಕಿಗಳೇ ಇವೆ. ಹಾಲಿನ ದರ ನಿಂತಿರುವುದೇ ಫ್ಯಾಟ್ ಮೇಲೆ.

ಆರೋಪ 3ರ ಬಗ್ಗೆ: ರಿಜಿಸ್ಟರ್ ಕಚೇರಿಯಲ್ಲೇ ಇರಬೇಕೆಂದು 19ರ ಬೆಳಿಗ್ಗೆ ನಿಮಗೆ ಪತ್ರ ಕೊಟ್ಟು ಸಹಿ ಪಡೆಯಲಾಗಿದೆ. ಅದೇ ಸಂಜೆ ನೀವು ಅದನ್ನು ಒಯ್ದಿದ್ದೀರಿ. 18ರಂದು ಕಾರ್ಯದರ್ಶಿ ತೆಗೆದ ಫೋಟೋದಲ್ಲಿ, ಪುಟ 64ರಲ್ಲಿ ಸದಸ್ಯ ಸಂಖ್ಯೆ 37ರ ಸಾಲಿನಲ್ಲಿ ನೀಲಿ ಶಾಯಿಯ 7.5 ಸ್ಪಷ್ಟವಾಗಿದೆ. 21ರಂದು ವಾಪಸ್ ಬಂದ ಪುಟದಲ್ಲಿ ಆ 7ರ ಮೇಲೆ ಕಪ್ಪು ಶಾಯಿಯಲ್ಲಿ 8 ಬರೆದಿದೆ. ಪುಟದ ಕೆಳಗಿನ ಒಟ್ಟು ಮೊತ್ತ ಮಾತ್ರ ಹಾಗೇ ಇದೆ.

ಭಾಗ 3: ದಾಖಲೆಗಳು

1. ಮೂವರು ಸದಸ್ಯರ ದೂರು, 16 ಆಗಸ್ಟ್ 2025
2. ಆ ಸದಸ್ಯರ 36 ಹಾಲಿನ ಚೀಟಿಗಳು
3. ಹಾಲು ಸಂಗ್ರಹಣೆ ರಿಜಿಸ್ಟರ್, ಪುಟ 59ರಿಂದ 70, ಹಾಗೂ ಆಗಸ್ಟ್ 17 ಮತ್ತು 18ರ ಪುಟಗಳು
4. ಸದಸ್ಯ ಸಂಖ್ಯೆ 112ರ ಚೀಟಿಗಳ ಸ್ಥಳಪ್ರತಿ
5. ಆಗಸ್ಟ್ ಮೊದಲ ಪಕ್ಷದ ಬಟವಾಡೆ ಪಟ್ಟಿ
6. ಪರೀಕ್ಷಾ ಯಂತ್ರದ ಪ್ರಿಂಟ್ ಮತ್ತು ತಪಾಸಣಾ ವರದಿ, 18 ಆಗಸ್ಟ್
7. ನಿಮ್ಮ ಸಹಿಯಿರುವ ಪತ್ರ, 19 ಆಗಸ್ಟ್
8. ಪುಟ 64ರ ಫೋಟೋ, 18 ಆಗಸ್ಟ್
9. ರಿಜಿಸ್ಟರ್ ವಾಪಸ್ ಪಡೆದ ಮಹಜರು, 21 ಆಗಸ್ಟ್

ಭಾಗ 4: ಸಾಕ್ಷಿಗಳು

ಸಂಘದ ಕಾರ್ಯದರ್ಶಿ, ಸದಸ್ಯ ಸಂಖ್ಯೆ 37, 58, 61, ಒಕ್ಕೂಟದ ವಿಸ್ತರಣಾಧಿಕಾರಿ.

ದಾಖಲೆಗಳ ನಕಲನ್ನು ಇದರ ಜೊತೆ ಲಗತ್ತಿಸಿದೆ. ಮೂಲ ಪ್ರತಿ ನೋಡಬೇಕಿದ್ದರೆ ಕಚೇರಿ ವೇಳೆಯಲ್ಲಿ ಬಂದು ನೋಡಬಹುದು. ಈ ಪತ್ರ ಕೈಸೇರಿದ 15 ದಿನದೊಳಗೆ ಪ್ರತಿ ಆರೋಪಕ್ಕೂ ಬೇರೆಬೇರೆಯಾಗಿ, ಒಪ್ಪುತ್ತೀರೋ ಇಲ್ಲವೋ ತಿಳಿಸಿ ಲಿಖಿತ ಉತ್ತರ ಕೊಡಿ. ನಿಮ್ಮ ಪರ ಸಾಕ್ಷಿ, ದಾಖಲೆ ಇದ್ದರೆ ಪಟ್ಟಿ ಸೇರಿಸಿ. ಒಪ್ಪದ ಆರೋಪಗಳ ಬಗ್ಗೆ ಮಾತ್ರ ವಿಚಾರಣೆ ನಡೆಯುತ್ತದೆ. ದೂರುದಾರರಾಗಲಿ ಸಾಕ್ಷಿಗಳಾಗಲಿ ವಿಚಾರಣಾಧಿಕಾರಿ ಆಗುವುದಿಲ್ಲ. ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಮತ್ತು ಸಹೋದ್ಯೋಗಿಯೊಬ್ಬರ ನೆರವು ಪಡೆಯಲು ನಿಮಗೆ ಅವಕಾಶವಿದೆ. ಉತ್ತರ ಬಾರದಿದ್ದರೆ ಅಥವಾ ವಿಚಾರಣೆಗೆ ಹಾಜರಾಗದಿದ್ದರೆ ಏಕಪಕ್ಷೀಯವಾಗಿ ಮುಂದುವರಿಯಲಾಗುತ್ತದೆ.

ನಿಮ್ಮನ್ನು ಅಮಾನತು ಮಾಡಿಲ್ಲ. ವಿಚಾರಣೆ ಮುಗಿಯುವವರೆಗೆ ಪಶು ಆಹಾರ ವಿತರಣೆ ಕೆಲಸ ನೋಡಿಕೊಳ್ಳಿ, ಸಂಬಳದಲ್ಲಿ ಕಡಿತವಿಲ್ಲ. ಈ ಅವಧಿಯಲ್ಲಿ ದೂರು ಕೊಟ್ಟ ಸದಸ್ಯರ ಮನೆಗೆ ಹೋಗಿ ಒತ್ತಡ ಹೇರಬಾರದು.

ಸಹಿ/-
ಅಧ್ಯಕ್ಷರು, ಆಡಳಿತ ಮಂಡಳಿಯ ಪರವಾಗಿ