ಚಿನ್ನಿಯ ಥೈರಾಯ್ಡ್ ರಿಪೋರ್ಟ್ ಮತ್ತು ಮುಂದಿನ ಚಿಕಿತ್ಸೆ

ಮೈಸೂರು
12 ಜೂನ್ 2025

ಸುಮಿತ್ರಮ್ಮ, ರಘು ಮತ್ತು ಪೂರ್ಣಿಮಾ ಅವರಿಗೆ,

ನಮಸ್ಕಾರ. ನಿಮ್ಮ ಬೆಕ್ಕು ಚಿನ್ನಿಯ ರಕ್ತಪರೀಕ್ಷೆಯ ರಿಪೋರ್ಟ್ ನಿನ್ನೆ ಸಂಜೆ ಬಂತು. ಫೋನಿನಲ್ಲಿ ರಘು ಅವರಿಗೆ ವಿಷಯ ಹೇಳಿದ್ದೇನೆ. ಮನೆಯವರೆಲ್ಲ ಕೂತು ಓದಿ ತೀರ್ಮಾನ ಮಾಡಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಚಿನ್ನಿಗೆ ಹೈಪರ್‌ಥೈರಾಯ್ಡಿಸಮ್ ಇದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಜಾಸ್ತಿ ಹಾರ್ಮೋನ್ ಸುರಿಸುತ್ತಿದೆ. ಅವಳ ರಕ್ತದಲ್ಲಿ ಆ ಹಾರ್ಮೋನಿನ, ಅಂದರೆ ಟಿ4ರ ಮಟ್ಟ 9.8 ಬಂದಿದೆ. ಈ ಲ್ಯಾಬಿನ ಲೆಕ್ಕದಲ್ಲಿ ಅದು 4.7ರ ಒಳಗಿರಬೇಕು. ಮೊನ್ನೆ ಪರೀಕ್ಷೆ ಮಾಡುವಾಗ ಅವಳ ಗಂಟಲ ಎಡಪಕ್ಕದಲ್ಲಿ ಬೆರಳಾಡಿಸಿದೆ, ನೋಡಿದಿರಲ್ಲ. ಅಲಸಂದೆ ಕಾಳಿನಷ್ಟು ಒಂದು ಗಂಟು ಬೆರಳ ಕೆಳಗೆ ಜಾರುತ್ತಿತ್ತು. ಇದು ಕ್ಯಾನ್ಸರ್ ಇರಬಹುದೇ ಎಂದು ಪೂರ್ಣಿಮಾ ಅವರು ಕೇಳಿದ ಪ್ರಶ್ನೆಗೆ ಉತ್ತರ: ಬೆಕ್ಕುಗಳಲ್ಲಿ ಇಂಥ ಗಂಟು ಬಹುಪಾಲು ಕ್ಯಾನ್ಸರ್ ಅಲ್ಲ. ನೂರರಲ್ಲಿ ಒಂದೆರಡು ಬೆಕ್ಕಿಗೆ ಮಾತ್ರ ಹಾಗಿರುತ್ತದೆ. ವಯಸ್ಸಾದ ಬೆಕ್ಕುಗಳಿಗೆ ಈ ಕಾಯಿಲೆ ಬರುವುದು ಮಾಮೂಲು. ಇವಳಿಗೆ ಈಗ 13 ವರ್ಷ. ಇದು ಮನುಷ್ಯರಿಗಾಗಲಿ ಬೇರೆ ಪ್ರಾಣಿಗಾಗಲಿ ಅಂಟುವುದಿಲ್ಲ. ನೀವು ಏನೋ ತಪ್ಪು ಹಾಕಿದ್ದರಿಂದ ಬಂದದ್ದೂ ಅಲ್ಲ.

ಸುಮಿತ್ರಮ್ಮ, "ಬಟ್ಟಲು ನೆಕ್ಕಿ ಖಾಲಿ ಮಾಡ್ತಾಳೆ, ಮತ್ತೆ ಕೇಳ್ತಾಳೆ, ಇವಳಿಗೇನು ಕಾಯಿಲೆ?" ಅಂದಿರಿ. ಈ ಕಾಯಿಲೆಯ ಮೋಸವೇ ಅದು. ಹೋದ ವರ್ಷ ಲಸಿಕೆಗೆ ಬಂದಾಗ 4.6 ಕೆಜಿ ಇದ್ದವಳು ಈಗ 3.2 ಕೆಜಿ. ಹಾರ್ಮೋನ್ ಜಾಸ್ತಿಯಾದಾಗ ತಿಂದದ್ದೆಲ್ಲ ಉರಿದು ಹೋಗುತ್ತದೆ, ಮೈಗೆ ಹತ್ತುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಹಜಾರದಲ್ಲಿ ನಿಂತು ಕಿರುಚುವುದು, ವಾರಕ್ಕೆರಡು ಸಲ ವಾಂತಿ, ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುವುದು, ಬೆನ್ನ ಮೇಲಿನ ಕೂದಲು ಜಡೆಗಟ್ಟಿದ್ದು, ಇವೆಲ್ಲ ಇದರದೇ ಕೆಲಸ ಅನ್ನಿಸುತ್ತದೆ. "ವಯಸ್ಸಾದರೂ ಮರಿ ಥರ ಓಡಾಡ್ತಾಳೆ" ಎಂದು ನೀವು ಖುಷಿಪಟ್ಟದ್ದೂ ಇದರ ಲಕ್ಷಣವೇ. ಹೃದಯ ನಿಮಿಷಕ್ಕೆ 240 ಸಲ ಬಡಿಯುತ್ತಿತ್ತು, ಜೊತೆಗೆ ಬಡಿತದ ನಡುವೆ ಮರ್ಮರ್ ಎನ್ನುವ ಅಸಹಜ ಸದ್ದೂ ಇದೆ. ಬಿಪಿ 170. ಆಸ್ಪತ್ರೆಯ ಭಯಕ್ಕೂ ಅಷ್ಟು ಏರಬಹುದು, ಹಾಗಾಗಿ ಇವತ್ತೇ ಬಿಪಿ ಮಾತ್ರೆ ಬೇಡ. ಮುಂದಿನ ಸಲ ಮತ್ತೆ ನೋಡೋಣ. ಆದರೆ ಥೈರಾಯ್ಡನ್ನು ಸುಮ್ನೆ ಬಿಟ್ಟರೆ ಹೃದಯ ಸೋಲಬಹುದು. ಬಿಪಿ ತೀರಾ ಏರಿದರೆ ಕಣ್ಣೂ ಹೋಗಬಹುದು.

ಇನ್ನು ಚಿಕಿತ್ಸೆ. ರಘು ಅವರು "ಆಪರೇಷನ್ ಮಾಡಿ ಮುಗಿಸಿಬಿಡೋಣ ಡಾಕ್ಟ್ರೇ" ಅಂದಿರಿ. ದಿನಾ ಮಾತ್ರೆ ನುಂಗಿಸುವ ತಾಪತ್ರಯ ಯಾರಿಗೆ ಬೇಕು, ಒಪ್ಪುತ್ತೇನೆ. ಆದರೂ ಈಗಲೇ ಬೇಡ ಅನ್ನುತ್ತೇನೆ. ಮುಖ್ಯ ಕಾರಣ ಕಿಡ್ನಿ. ಥೈರಾಯ್ಡ್ ಜಾಸ್ತಿ ಇರುವಾಗ ಕಿಡ್ನಿಗೆ ರಕ್ತದ ಹರಿವು ಹೆಚ್ಚಿರುತ್ತದೆ. ಒಳಗೆ ಕಿಡ್ನಿ ಸೋತಿದ್ದರೂ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಅಂಕಿ ಇವಳಿಗೆ 1.1 ಇದೆ, ನಾರ್ಮಲ್. ಅದನ್ನು ನಾನು ಇನ್ನೂ ಪೂರ್ತಿ ನಂಬುವುದಿಲ್ಲ. ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಕಿಡ್ನಿಯ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಮಾತ್ರೆಯಾದರೆ ಕಡಿಮೆ ಮಾಡಬಹುದು, ನಿಲ್ಲಿಸಬಹುದು. ಕತ್ತರಿಸಿ ತೆಗೆದ ಗ್ರಂಥಿಯನ್ನು ವಾಪಸ್ ಇಡಲಾಗುವುದಿಲ್ಲ. ಜೊತೆಗೆ ಈ ವೇಗದಲ್ಲಿ ಓಡುತ್ತಿರುವ ಹೃದಯಕ್ಕೆ ಅರಿವಳಿಕೆ ಕೊಡುವುದೂ ಅಪಾಯ. ಥೈರಾಯ್ಡ್‌ಗೆ ಅಂಟಿಕೊಂಡೇ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳಿವೆ. ಎರಡೂ ಕಡೆ ಆಪರೇಷನ್ ಆಗಿ ಅವಕ್ಕೆ ಪೆಟ್ಟಾದರೆ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರಬಹುದು. ಕೆಲವು ತಿಂಗಳು ಮಾತ್ರೆಯಲ್ಲಿ ಸ್ಥಿರವಾಗಿದ್ದು, ಕಿಡ್ನಿಯೂ ಸರಿಯಿದ್ದರೆ, ಆಗ ಆಪರೇಷನ್ ಮಾತು ಮತ್ತೆ ಎತ್ತೋಣ.

ರೇಡಿಯೋ ಅಯೋಡಿನ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿರುತ್ತೀರಿ. ಒಂದೇ ಇಂಜೆಕ್ಷನ್, ಹೆಚ್ಚಿನ ಬೆಕ್ಕುಗಳಿಗೆ ಪೂರ್ತಿ ವಾಸಿ. ಅಮೆರಿಕ, ಇಂಗ್ಲೆಂಡಿನಲ್ಲಿ ಅದನ್ನೇ ಮೊದಲ ಆಯ್ಕೆ ಎನ್ನುವವರು ಜಾಸ್ತಿ. ಇಂಜೆಕ್ಷನ್ ಆದ ಮೇಲೆ ಮೈಯಲ್ಲಿ ವಿಕಿರಣ ಇಳಿಯುವವರೆಗೆ ಬೆಕ್ಕನ್ನು ಬೇರೆಯೇ ಇಟ್ಟು ನೋಡಿಕೊಳ್ಳಬೇಕು. ಅಂಥ ವ್ಯವಸ್ಥೆ ನನ್ನ ಹತ್ತಿರ ಇಲ್ಲ, ಧೈರ್ಯವಾಗಿ ಕಳಿಸುವಂಥ ಜಾಗವೂ ಹತ್ತಿರದಲ್ಲಿಲ್ಲ. ಅಯೋಡಿನ್ ಕಡಿಮೆ ಇರುವ ವಿಶೇಷ ಆಹಾರವೂ ಒಂದಿದೆ. ಅದು ಕೆಲಸ ಮಾಡಬೇಕಾದರೆ ಬೆಕ್ಕು ಬೇರೆ ಏನನ್ನೂ ಮೂಸಬಾರದು. ಪಕ್ಕದ ಮನೆಯಲ್ಲಿ ಬಂಗುಡೆ ಹುರಿದ ವಾಸನೆಗೆ ಕಾಂಪೌಂಡ್ ಹಾರುವ ಚಿನ್ನಿಯ ಹತ್ತಿರ ಇದು ನಡೆಯುವ ಮಾತಲ್ಲ.

ಹಾಗಾಗಿ ಥೈರಾಯ್ಡ್ ಹಾರ್ಮೋನ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯಿಂದ ಶುರು ಮಾಡೋಣ. ಇದು ಮನುಷ್ಯರ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತದೆ. 5 ಮಿಗ್ರಾಂ ಮಾತ್ರೆಯಲ್ಲಿ ಅರ್ಧ ಬೆಳಿಗ್ಗೆ, ಅರ್ಧ ರಾತ್ರಿ. ಮಾತ್ರೆ ದುಬಾರಿಯಲ್ಲ, ನಡುನಡುವೆ ಮಾಡಿಸುವ ರಕ್ತಪರೀಕ್ಷೆಗೇ ಖರ್ಚು ಜಾಸ್ತಿ. ಬೇಯಿಸಿದ ಕೋಳಿಯ ಸಣ್ಣ ತುಂಡಿನೊಳಗೆ ಒತ್ತಿಟ್ಟು ಕೊಡಿ. ಮೊದಲು ಮಾತ್ರೆಯಿಲ್ಲದ ಒಂದು ತುಂಡು ಹಾಕಿ, ಆಮೇಲೆ ಮಾತ್ರೆಯದು, ತಕ್ಷಣ ಮೂರನೆಯದನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾಳೆ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಪಾಲು ಕೊಡಬೇಡಿ.

ಪೂರ್ಣಿಮಾ, ನೀವು ಬಸುರಿ ಇರುವುದರಿಂದ ಈ ಮಾತ್ರೆ ಮುಟ್ಟಲೇಬೇಡಿ. ಇದು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಮುರಿಯುವುದು, ಕೊಡುವುದು ರಘು ಅವರ ಕೆಲಸ. ಗ್ಲೌಸ್ ಹಾಕಿಕೊಳ್ಳಲಿ, ಆಮೇಲೆ ಕೈ ತೊಳೆಯಲಿ. ಚಿನ್ನಿಯ ಕಕ್ಕಸು ಟ್ರೇ, ವಾಂತಿ ಶುಚಿ ಮಾಡುವುದೂ ಅವರಿಗೇ ಇರಲಿ.

ಸುಮಿತ್ರಮ್ಮ, ನೀವು ಬೆಳಿಗ್ಗೆ ನುಂಗುವ ಥೈರಾಯ್ಡ್ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ. ನಿಮಗೆ ಹಾರ್ಮೋನ್ ಕಡಿಮೆ, ಅವಳಿಗೆ ಜಾಸ್ತಿ. ನಿಮ್ಮ ಮಾತ್ರೆ ಅವಳ ಹೊಟ್ಟೆಗೆ ಹೋದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಎರಡೂ ಡಬ್ಬಿ ಬೇರೆ ಬೇರೆ ಕಡೆ ಇಡಿ.

ಮೊದಲ ಮೂರು ತಿಂಗಳು ಸ್ವಲ್ಪ ಕಣ್ಣಿಟ್ಟಿರಿ. ಶುರುವಿನಲ್ಲಿ ಒಂದೆರಡು ಸಲ ವಾಂತಿ, ಊಟದಲ್ಲಿ ತುಸು ಹಿಂಜರಿಕೆ ಆದರೆ ಗಾಬರಿ ಬೇಡ, ನನಗೆ ತಿಳಿಸಿ. ಆದರೆ ಮುಖ, ಕಿವಿ ಕೆರೆದು ರಕ್ತ ಬರಿಸಿಕೊಂಡರೆ, ಒಸಡು ಹಳದಿಯಾದರೆ, ಮೈ ಬಿಸಿಯಾಗಿ ಮುದುಡಿ ಮಲಗಿದರೆ, ಒಂದು ಇಡೀ ದಿನ ಏನೂ ತಿನ್ನದಿದ್ದರೆ ಮಾತ್ರೆ ನಿಲ್ಲಿಸಿ ಅದೇ ದಿನ ಕರೆದುಕೊಂಡು ಬನ್ನಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಅಥವಾ ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆದರೆ ರಾತ್ರಿಯಾದರೂ ಫೋನ್ ಮಾಡಿ. ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಹಾಕಬೇಡಿ. ಬೆಕ್ಕಿಗೆ ಅದು ವಿಷ.

ಜುಲೈ 3ರಂದು ಬೆಳಿಗ್ಗೆ 10 ಗಂಟೆಗೆ ಚಿನ್ನಿಯ ಹೆಸರು ಬರೆದಿಟ್ಟಿದ್ದೇನೆ. ಅವತ್ತು ತೂಕ, ಬಿಪಿ, ಟಿ4, ಕಿಡ್ನಿ, ಲಿವರ್, ರಕ್ತಕಣ ಎಲ್ಲ ನೋಡುತ್ತೇನೆ. ಲಿವರಿನ ಒಂದು ಅಂಕಿ ಈಗ ಏರಿದೆ, ಥೈರಾಯ್ಡ್ ಇಳಿದರೆ ಸಾಮಾನ್ಯವಾಗಿ ಅದೂ ಇಳಿಯುತ್ತದೆ. ಆ ರಿಪೋರ್ಟ್ ನೋಡಿ ಮಾತ್ರೆ ಹೆಚ್ಚೋ ಕಡಿಮೆಯೋ ಹೇಳುತ್ತೇನೆ. ಬರುವಾಗ ಮೂತ್ರದ ಸ್ಯಾಂಪಲ್ ತರಲಾದರೆ ಒಳ್ಳೆಯದು. ಟ್ರೇಯಲ್ಲಿ ಮರಳಿನ ಬದಲು ತೊಳೆದು ಒಣಗಿಸಿದ ಅಕ್ವೇರಿಯಂ ಕಲ್ಲು ಹಾಕಿದರೆ ಸಿರಿಂಜಿನಲ್ಲಿ ಎಳೆದುಕೊಳ್ಳಬಹುದು. ಸಿರಿಂಜ್ ಮತ್ತು ಬಾಟಲಿ ನಮ್ಮ ಕೌಂಟರಿನಲ್ಲಿ ಕೇಳಿ ಪಡೆಯಿರಿ.

ಇಂತಿ,
ಡಾ. ವಸುಧಾ
ಪಶುವೈದ್ಯೆ